ಹೆಡ್‌ಮಾಸ್ತರರ ದನಿ ಬಿಟ್ಟ ಸ್ಲೈಡುಗಳು

ಇನ್‌ಸ್ಟಾಗ್ರಾಂನಲ್ಲಿ ಬೆರಳಿನಿಂದ ಒಂದೊಂದಾಗಿ ಸರಿಸಿ ಓದುವ ಚಿತ್ರಗಳ ಸರಣಿಗೆ ಕ್ಯಾರೊಸೆಲ್ ಎನ್ನುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನಿವಾಸಿಗಳು ಕಸ ವಿಂಗಡಣೆಯ ಬಗ್ಗೆ ಆರು ಸ್ಲೈಡು ಮಾಡಿ, ಪ್ರಕಟಿಸುವ ಮೊದಲು ಅಕ್ಕಪಕ್ಕದವರಿಗೆ ತೋರಿಸಿದರು ಎಂದುಕೊಳ್ಳೋಣ. ‘ಹೇಳಿದ್ದೆಲ್ಲ ಸರಿ, ಆದರೆ ಹೆಡ್‌ಮಾಸ್ತರರು ಗದರಿದ ಹಾಗಿದೆ’ ಎಂಬ ಉತ್ತರ ಬಂತು.

ಮೊದಲು ಕ್ರಿಯಾಪದಗಳಿಗೆ ಗೆರೆ ಎಳೆದು ನೋಡಬೇಕು. ‘ವಿಂಗಡಿಸುವುದು ನಿಮ್ಮ ಕರ್ತವ್ಯ’, ‘ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ’, ‘ಹಾಲಿನ ಕವರ್ ತೊಳೆದೇ ಹಾಕಿ’. ಎಲ್ಲವೂ ಅಪ್ಪಣೆಗಳೇ. ಓದುವವರಿಗೆ ತಾವು ತಪ್ಪಿತಸ್ಥರು ಅನ್ನಿಸಿದ ಮೇಲೆ ಎರಡನೇ ಸ್ಲೈಡಿಗೆ ಬೆರಳು ಹೋಗುವುದಿಲ್ಲ.

ಇಲ್ಲಿ ಬಹಳ ಜನ ‘ಹಾಕಿ’ ಎಂಬುದನ್ನು ‘ಹಾಕೋಣ’ ಎಂದು ತಿದ್ದಿ ಸುಮ್ಮನಾಗುತ್ತಾರೆ. ಅದು ಮುಖಮುಚ್ಚಿದ ಅಪ್ಪಣೆ, ಅಷ್ಟೆ. ಬದಲಾಗಬೇಕಾದ್ದು ಮಾತಾಡುವವರು ನಿಂತ ಜಾಗ. ಹಾಲಿನ ಕವರಿನ ಸ್ಲೈಡನ್ನೇ ತೆಗೆದುಕೊಳ್ಳಿ. ಮನೆಮನೆಯಲ್ಲಿ ವಿಚಾರಿಸಿದಾಗ ಒಬ್ಬರು ಹೇಳಿದ್ದನ್ನು ಹಾಗೆಯೇ ಬರೆದರೆ ಹೀಗಾಗುತ್ತದೆ: ‘ಬೆಳಿಗ್ಗೆ ಗಡಿಬಿಡಿಯಲ್ಲಿ ಕವರ್ ತೊಳೆಯೋಕೆ ನಮಗೂ ಆಗ್ತಿರಲಿಲ್ಲ. ಈಗ ಪಾತ್ರೆ ತೊಳೆಯುವಾಗ ಅದನ್ನೂ ಒಮ್ಮೆ ಜಾಲಿಸಿ ಕಿಟಕಿ ಸರಳಿಗೆ ಸಿಕ್ಕಿಸ್ತೀವಿ. ವಾಸನೆ ಇಲ್ಲ.’ ಅದರ ಕೆಳಗೆ ಒಂದೇ ಸಲಹೆ: ‘ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಜೋತುಬಿಟ್ಟರೆ ಆ ಚೂರು ಹಸಿ ಕಸಕ್ಕೆ ಬೀಳೋದಿಲ್ಲ.’ ಅಡ್ಡಿ ಯಾವುದು, ಅದನ್ನು ದಾಟಿದ್ದು ಹೇಗೆ, ಆಮೇಲೆ ಏನಾಯಿತು, ಮೂರೂ ಇದರಲ್ಲಿವೆ. ಓದುವವರು ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ.

ಅನುಭವ ಮಾತ್ರ ನಿಜದ್ದಾಗಿರಲೇಬೇಕು. ಮೇಜಿನ ಮುಂದೆ ಕೂತು ಹೊಸೆದ ‘ನಾನೂ ನಿಮ್ಮ ಹಾಗೇ ಇದ್ದೆ’ ಎಂಬ ಮಾತು ಬೇಗ ಸಿಕ್ಕಿಬೀಳುತ್ತದೆ, ಏಕೆಂದರೆ ಅದರಲ್ಲಿ ಕಿಟಕಿ ಸರಳಿನಂಥ ವಿವರ ಇರುವುದಿಲ್ಲ. ಅನುಭವಕ್ಕೆ ಜಾಗವೂ ಹೆಚ್ಚು ಬೇಕು. ಹಾಗಾಗಿ ಒಂದು ಸ್ಲೈಡಿಗೆ ಒಂದೇ ಸಂಗತಿ ಸಾಕು. ಕಂಪೋಸ್ಟಿನ ವಿಷಯವನ್ನು ಇನ್ನೊಂದು ಸರಣಿಗೆ ಬಿಡುವುದು ಒಳ್ಳೆಯದು.

ಎಲ್ಲವನ್ನೂ ಮೆದುವಾಗಿ ಹೇಳಲಾಗದು ಎಂಬುದನ್ನೂ ಮರೆಯುವಂತಿಲ್ಲ. ಒಡೆದ ಗಾಜನ್ನು ‘ಸಾಧ್ಯವಾದರೆ ಸುತ್ತಿಡಬಹುದು’ ಎಂದು ಬರೆದರೆ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಸ್ಯಾನಿಟರಿ ಪ್ಯಾಡನ್ನು ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಇಂಥ ಕಡೆ ಅಪ್ಪಣೆ ಇರಲಿ, ಕಾರಣವೂ ಜೊತೆಗಿರಲಿ: ‘ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ “ಗಾಜು” ಅಂತ ಬರೆಯಿರಿ. ಕಸ ಬೇರ್ಪಡಿಸುವವರು ಕೈಯಿಂದಲೇ ಮುಟ್ಟುತ್ತಾರೆ.’ ಆರು ಸ್ಲೈಡಿನಲ್ಲಿ ಇಂಥದ್ದು ಒಂದೇ ಇದ್ದಾಗ ಅದರ ತೂಕ ತಾನಾಗಿ ತಿಳಿಯುತ್ತದೆ.

ತಿದ್ದಿದ್ದನ್ನು ಮತ್ತೆ ಅದೇ ನೆರೆಯವರಿಗೆ ತೋರಿಸುವಾಗ ‘ಈಗ ಚೆನ್ನಾಗಿದೆಯಾ’ ಎಂದು ಕೇಳಿದರೆ ಹೂಂ ಎಂದುಬಿಡುತ್ತಾರೆ. ‘ಇದನ್ನು ಓದಿ ನಾಳೆ ಏನು ಮಾಡ್ತೀರಿ’ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಬರಹ ತೀರಾ ಮೆದುವಾಗಿದೆ, ಸಲಹೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕು.