ಬಿಗಿ ಗುಂಗುರು ಕೂದಲಿಗೆ ಒಣ ಬಾಚಣಿಗೆ ಬೇಡ

ಬಾಗಲಗುಂಟೆಯ ನನ್ನ ದವಾಖಾನೆಗೆ ಒಂದು ಸಂಜೆ ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗಳನ್ನು ಕರೆತಂದರು. ಹಳಿಯಾಳ ತಾಲೂಕಿನ ಸಿದ್ದಿ ಮುಸ್ಲಿಂ ಕುಟುಂಬ. ತಂದೆಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದವರು. ಮಗುವಿನ ತಲೆಯ ಮೇಲೆ ಸ್ಕಾರ್ಫ್ ಇತ್ತು. ತೆಗೆಯಲು ಹೇಳಿದರೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಡಾಕ್ಟ್ರೇ, ಬಾಚಣಿಗೆ ಕಂಡರೆ ಸಾಕು ಅಳೋಕೆ ಶುರು ಮಾಡ್ತಾಳೆ. ಶಾಲೆಯಲ್ಲಿ ಎರಡು ಜಡೆ ಹಾಕಿಕೊಂಡು ಬಾ ಅಂತಾರೆ. ನನ್ನ ಕೈಲಿ ಆಗ್ತಿಲ್ಲ, ತಲೆ ಬೋಳಿಸಿಬಿಡ್ತೀನಿ," ಎಂದರು ತಾಯಿ. ಮಗಳು ಮೆಲ್ಲಗೆ, "ಅಮ್ಮಿ, ಬೇಡ," ಎಂದಳು.

ಈ ಸಮಸ್ಯೆ ಒಂದೇ ಮನೆಯದಲ್ಲ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಜರಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಸುತ್ತಮುತ್ತ ಬಾಳುತ್ತಿದ್ದಾರೆ. ಅವರಲ್ಲಿ ಮುಸ್ಲಿಮರೂ, ಹಿಂದೂಗಳೂ, ಕ್ರೈಸ್ತರೂ ಇದ್ದಾರೆ. ಇಂಥದೇ ಕೂದಲಿನ ಆಫ್ರಿಕನ್ ವಿದ್ಯಾರ್ಥಿನಿಯರು ನಮ್ಮ ಹೆಸರಘಟ್ಟ ರಸ್ತೆಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಬೇರೆ ಮನೆತನಗಳಲ್ಲೂ ಒಮ್ಮೊಮ್ಮೆ ಒಂದು ಮಗುವಿಗೆ ಬಿಗಿ ಗುಂಗುರು ಬರುತ್ತದೆ. ನೀಳ ಕೂದಲಿಗೆ ಹೇಳಿದ ನಿಯಮವನ್ನು ಈ ಕೂದಲಿಗೂ ಹಾಕಿದಾಗ ತೊಂದರೆ ಶುರುವಾಗುತ್ತದೆ.

ನಿಯಮ ಏಕೆ ತಿರುವುಮುರುವು?

"ಒದ್ದೆ ಕೂದಲು ಬಾಚಬೇಡ, ಒಣಗಿದ ಮೇಲೆ ಬಾಚು" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನೀಳ ಕೂದಲಿಗೆ ಅದು ಸರಿ. ನೀರು ಹೀರಿದ ಎಳೆ ಹಿಗ್ಗಿ ಮೆತ್ತಗಾಗುತ್ತದೆ, ಆಗ ಜಗ್ಗಿದರೆ ಬೇಗ ತುಂಡಾಗುತ್ತದೆ.

ಬಿಗಿ ಗುಂಗುರಿನ ಎಳೆ ಹಾಗಲ್ಲ. ಅದು ದುಂಡಗಿಲ್ಲ, ಸ್ವಲ್ಪ ಚಪ್ಪಟೆ. ಸ್ಪ್ರಿಂಗಿನಂತೆ ಸುತ್ತಿಕೊಂಡು ಬೆಳೆಯುತ್ತದೆ. ಪ್ರತಿ ತಿರುವಿನಲ್ಲೂ ಅದರ ಬಲ ಕಡಿಮೆ. ಒಣಗಿದಾಗ ಈ ಸ್ಪ್ರಿಂಗುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಅದರೊಳಗೆ ಬಾಚಣಿಗೆ ಎಳೆದರೆ ಎಳೆ ತಿರುವಿನಲ್ಲೇ ಮುರಿಯುತ್ತದೆ, ಬುಡದಲ್ಲಿ ಚರ್ಮ ಜಗ್ಗಿ ನೋವಾಗುತ್ತದೆ. ನೆನೆದಾಗ ಸುರುಳಿ ಸಡಿಲವಾಗುತ್ತದೆ. ಜೊತೆಗೆ ಜಾರುವ ಪದಾರ್ಥ ಹಚ್ಚಿದರೆ ಎಳೆಗಳು ಒಂದರ ಮೇಲೊಂದು ಸರಿಯುತ್ತವೆ, ಬಹಳ ಕಡಿಮೆ ಬಲಕ್ಕೆ ಸಿಕ್ಕು ಬಿಡುತ್ತದೆ. ಆದ್ದರಿಂದ ಈ ಕೂದಲನ್ನು ಒದ್ದೆಯಿದ್ದಾಗ, ಜಾರುವಿಕೆ ಹಚ್ಚಿ ಮಾತ್ರ ಬಿಡಿಸಬೇಕು.

ಒಣಗುವುದಕ್ಕೂ ಈ ಸುರುಳಿಯೇ ಕಾರಣ. ನೆತ್ತಿಯ ಚರ್ಮದಲ್ಲಿ ಹುಟ್ಟುವ ಎಣ್ಣೆ ನೀಳ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ಅದು ಬುಡದಲ್ಲೇ ನಿಲ್ಲುತ್ತದೆ. ನಮ್ಮ ಯುನಾನಿ ಗ್ರಂಥಗಳು ಗುಂಗುರು ಕೂದಲನ್ನು ಬಿಸಿ ಮತ್ತು ಒಣ ಮಿಜಾಜಿನ ಗುರುತುಗಳಲ್ಲಿ ಒಂದೆಂದು ಎಣಿಸುತ್ತವೆ. ಅದು ಕಾಯಿಲೆಯ ಗುರುತಲ್ಲ. ಈ ಕೂದಲಿಗೆ ಔಷಧ ಬೇಕಿಲ್ಲ, ತೇವ ಬೇಕು.

ಉದುರುವುದೋ, ತುಂಡಾಗುವುದೋ?

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಉದ್ದದ ಎಳೆ, ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಅದು ತಾನಾಗಿ ಉದುರಿದ್ದು. ದಿನಕ್ಕೆ ಐವತ್ತರಿಂದ ನೂರರವರೆಗೆ ಹೀಗೆ ಉದುರುವುದು ಸಹಜ. ಚಿಕ್ಕ ಚಿಕ್ಕ ತುಂಡುಗಳಿದ್ದು ಗಂಟು ಇಲ್ಲದಿದ್ದರೆ ಅದು ಮುರಿದ ಕೂದಲು. ಈ ಮಗುವಿನ ಕಾಗದದ ಮೇಲೆ ಹೆಚ್ಚಿನವು ತುಂಡುಗಳೇ.

"ಇವಳ ಕೂದಲು ಬೆಳೆಯೋದೇ ಇಲ್ಲ" ಎಂದು ತಾಯಿ ಹೇಳಿದ್ದರು. ಒಂದು ಸುರುಳಿಯನ್ನು ನೆನೆಸಿ ಮೆಲ್ಲಗೆ ನೇರ ಮಾಡಿ ತೋರಿಸಿದೆ, ಅದು ಭುಜ ಮುಟ್ಟಿತು. ಒಣಗಿದಾಗ ಈ ಕೂದಲು ಅರ್ಧಕ್ಕಿಂತ ಗಿಡ್ಡವಾಗಿ ಕಾಣಬಹುದು. ಕೂದಲು ಬೆಳೆಯುತ್ತಲೇ ಇತ್ತು, ತುದಿಯಲ್ಲಿ ಮುರಿಯುತ್ತಲೂ ಇತ್ತು.

ಅಗಸೆಯ ಲುಆಬ್

ಜಾರುವಿಕೆಗೆ ನಾನು ಹೇಳಿದ್ದು ಅಗಸೆ ಬೀಜದ ಲೋಳೆ. ಯುನಾನಿಯಲ್ಲಿ ಇದಕ್ಕೆ ಲುಆಬೆ ಅಲ್ಸಿ ಎನ್ನುತ್ತೇವೆ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಚಟ್ನಿಗೆ ಹುರಿಯುವ ಅದೇ ಬೀಜ.

ಎರಡು ದೊಡ್ಡ ಚಮಚ ಬೀಜವನ್ನು ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಾ ಇರಿ. ಏಳೆಂಟು ನಿಮಿಷದಲ್ಲಿ ನೀರು ಕೋಳಿಮೊಟ್ಟೆಯ ಬಿಳಿಯಂತೆ ಆಗುತ್ತದೆ. ತಕ್ಷಣ ಇಳಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಎಚ್ಚರಿಕೆಯಿಂದ ಸೋಸಿ. ತಣ್ಣಗಾದರೆ ಗಟ್ಟಿಯಾಗಿ ಸೋಸಲು ಬರುವುದಿಲ್ಲ. ಫ್ರಿಜ್‌ನಲ್ಲಿ ಐದು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಅಗಸೆ ಸಿಗದಿದ್ದರೆ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆಯೂ ನಡೆಯುತ್ತದೆ. ಸೋಸುವುದನ್ನು ಮಾತ್ರ ಬಿಡಬೇಡಿ. ಎಲೆಯ ಚೂರು, ಸೀಗೆಪುಡಿಯ ತರಿ ಸುರುಳಿಯೊಳಗೆ ಸೇರಿದರೆ ತೆಗೆಯುವುದು ಬಹಳ ಕಷ್ಟ.

ಲೋಳೆ ಬೇಗ ಒಣಗುತ್ತದೆ. ಅದಕ್ಕಾಗಿ ಎರಡು ಪಾಲು ಲೋಳೆಗೆ ಒಂದು ಪಾಲು ಸಾಧಾರಣ ಕಂಡಿಷನರ್ ಬೆರೆಸಿಕೊಳ್ಳಿ.

ವಾರಕ್ಕೊಮ್ಮೆ ಸಿಕ್ಕು ಬಿಡಿಸುವ ಕ್ರಮ

ಈ ಕೂದಲನ್ನು ದಿನಾ ಬಾಚಬೇಕಿಲ್ಲ. ವಾರಕ್ಕೆ ಒಂದು ಸಲ ತೊಳೆದು ಬಿಡಿಸಿದರೆ ಸಾಕು. ಶಾಲೆಯ ಅವಸರದ ಬೆಳಿಗ್ಗೆ ಬೇಡ. ಈ ಮನೆಯವರು ಗುರುವಾರ ಸಂಜೆ ಆರಿಸಿಕೊಂಡರು, ಜುಮಾದ ದಿನಕ್ಕೆ ತಲೆ ಸ್ವಚ್ಛವಾಗಿರಲಿ ಎಂದು.

ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತಲೆ ಚೆನ್ನಾಗಿ ನೆನೆಸಿ. ಶಾಂಪೂ ನೆತ್ತಿಯ ಚರ್ಮಕ್ಕೆ ಮಾತ್ರ ಹಚ್ಚಿ ಬೆರಳ ತುದಿಯಲ್ಲಿ ಉಜ್ಜಿ. ಕೂದಲನ್ನೆಲ್ಲ ತಲೆಯ ಮೇಲೆ ಗುಡ್ಡೆ ಹಾಕಿ ತಿಕ್ಕಬೇಡಿ, ಹೊಸ ಸಿಕ್ಕು ಹುಟ್ಟುವುದು ಅಲ್ಲೇ. ಮೈಸೋಪು ಬೇಡ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಹಾಕಿದರೆ ಬಕೆಟ್ಟಿನ ಅಂಚಿಗೆ ಬಿಳಿ ಕಿಟ್ಟ ಕೂರುತ್ತದಲ್ಲ, ಅದೇ ಕೂದಲಿನ ಮೇಲೂ ಕೂತು ಒರಟಾಗಿಸುತ್ತದೆ. ಕೊನೆಯ ಒಂದೆರಡು ಲೀಟರ್ ಮಾತ್ರ ಕುಡಿಯುವ ಫಿಲ್ಟರ್ ನೀರು ಬಳಸಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಕೂದಲನ್ನು ಆರರಿಂದ ಎಂಟು ಪಾಲು ಮಾಡಿ, ಒಂದೊಂದಕ್ಕೂ ಕ್ಲಿಪ್ಪು ಹಾಕಿ. ಒಂದು ಪಾಲು ಬಿಚ್ಚಿ ಲೋಳೆಯ ಮಿಶ್ರಣ ಧಾರಾಳವಾಗಿ ಹಚ್ಚಿ. ಮೊದಲು ಬೆರಳಿನಿಂದ ದೊಡ್ಡ ಗಂಟುಗಳನ್ನು ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಂಡು, ಪಾಲನ್ನು ಬುಡದ ಹತ್ತಿರ ಒಂದು ಕೈಯಲ್ಲಿ ಹಿಡಿದು, ತುದಿಯ ಎರಡು ಬೆರಳಷ್ಟನ್ನು ಮಾತ್ರ ಬಾಚಿ. ಅದು ಬಿಟ್ಟ ಮೇಲೆ ಇನ್ನೆರಡು ಬೆರಳು ಮೇಲಿನಿಂದ ಬಾಚಿ. ಹೀಗೆ ಏರುತ್ತಾ ಬುಡಕ್ಕೆ ಬನ್ನಿ. ಕೈಯಲ್ಲಿ ಹಿಡಿದಿರುವುದರಿಂದ ಜಗ್ಗುವ ಬಲ ಚರ್ಮ ಮುಟ್ಟುವುದಿಲ್ಲ. ಬಾಚಣಿಗೆ ಎಲ್ಲಾದರೂ ನಿಂತರೆ ಎಳೆಯಬೇಡಿ, ಇನ್ನಷ್ಟು ನೀರು ಮತ್ತು ಲೋಳೆ ಹಚ್ಚಿ ಬೆರಳು ಬಳಸಿ. ಚಟಪಟ ಸದ್ದು ಕೇಳಿದರೆ ಕೂದಲು ಮುರಿಯುತ್ತಿದೆ ಎಂದು ಅರ್ಥ.

ಬಿಡಿಸಿದ ಪಾಲನ್ನು ಎರಡು ಎಳೆಯಾಗಿ ಸಡಿಲ ಹುರಿ ಹೊಸೆದಿಡಿ, ಮತ್ತೆ ಸಿಕ್ಕಾಗದು. ಎಲ್ಲ ಪಾಲು ಮುಗಿದ ಮೇಲೆ ಹುರಿ ಬಿಚ್ಚದೆ ನೀರು ಸುರಿದು ತೊಳೆಯಿರಿ. ಟವೆಲಿನಿಂದ ತಿಕ್ಕದೆ ಹಳೆಯ ಕಾಟನ್ ಬಟ್ಟೆಯಲ್ಲಿ ಒತ್ತಿ. ತೇವ ಇರುವಾಗಲೇ ಒಂದು ಚಿಕ್ಕ ಚಮಚ ಕೊಬ್ಬರಿ ಎಣ್ಣೆ ಅಥವಾ ರೋಗನೆ ಬಾದಾಮ್ ಶೀರೀನ್ ಅಂಗೈಗೆ ಸವರಿಕೊಂಡು ತುದಿಗಳಿಗೆ ಹಚ್ಚಿ. ಎಣ್ಣೆ ಕೂದಲಿಗೆ ನೀರು ಕೊಡುವುದಿಲ್ಲ, ಇರುವ ನೀರನ್ನು ಬೇಗ ಆರಲು ಬಿಡುವುದಿಲ್ಲ ಅಷ್ಟೇ. ಒಣ ಕೂದಲಿಗೆ ಮೇಲಿಂದ ಮೇಲೆ ಎಣ್ಣೆ ಸುರಿದರೆ ಧೂಳು ಹಿಡಿದು ಗಂಟಾಗುತ್ತದೆ.

ಜಡೆ, ಸ್ಕಾರ್ಫ್, ಗುಸ್ಲ್

ಜಡೆ ಹಾಕಿದ ಮೇಲೆ ಮಗು ಹುಬ್ಬು ಎತ್ತಲಾಗದಷ್ಟು ಬಿಗಿಯಿದ್ದರೆ, ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ, ಕೂಡಲೇ ಬಿಚ್ಚಿ. ತಿಂಗಳುಗಟ್ಟಲೆ ಹೀಗೆ ಜಗ್ಗಿದರೆ ಅಂಚಿನ ಕೂದಲು ಹೋಗಿ ಮತ್ತೆ ಬರದೇ ಇರಬಹುದು.

ಸ್ಕಾರ್ಫ್‌ನ ಒರಟು ಕಾಟನ್ ಕೂದಲಿಗೆ ಉಜ್ಜಿ ಮುರಿಯುತ್ತದೆ. ಒಳಗೆ ಹಳೆಯ ನುಣುಪಾದ ದುಪಟ್ಟಾದ ತುಂಡು ಕಟ್ಟಿ, ದಿಂಬಿಗೂ ಅದೇ ಬಟ್ಟೆ ಹಾಕಿ. ಒದ್ದೆ ತಲೆಯ ಮೇಲೆ ಸ್ಕಾರ್ಫ್ ಬೇಡ. ಗಂಟೆಗಟ್ಟಲೆ ತೇವ ನಿಂತರೆ ತುರಿಕೆ, ವಾಸನೆ ಶುರುವಾಗುತ್ತದೆ.

ಗುಸ್ಲ್‌ಗೆಂದು ಪ್ರತಿ ಸಲ ಜಡೆ ಬಿಚ್ಚಬೇಕೇ ಎಂದು ಹಲವು ಸಹೋದರಿಯರು ಕೇಳುತ್ತಾರೆ. ಇದೇ ಪ್ರಶ್ನೆಯನ್ನು ಉಮ್ಮು ಸಲಮಾ(ರ) ಪ್ರವಾದಿವರ್ಯರಲ್ಲಿ(ಸ) ಕೇಳಿದ್ದರು. ಜನಾಬತ್‌ನ ಸ್ನಾನಕ್ಕೆ ಬಿಚ್ಚಬೇಕಿಲ್ಲ, ತಲೆಯ ಮೇಲೆ ಮೂರು ಬೊಗಸೆ ನೀರು ಸುರಿದರೆ ಸಾಕೆಂಬ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿದೆ. ಮುಟ್ಟಿನ ನಂತರದ ಗುಸ್ಲ್ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಿಮ್ಮ ಆಲಿಮರನ್ನು ಕೇಳಿ. ವಾರದ ತೊಳೆಯುವ ದಿನವನ್ನು ಆ ಗುಸ್ಲ್‌ನೊಂದಿಗೆ ಹೊಂದಿಸಿಕೊಂಡರೆ ಕೂದಲಿಗೂ ಹಿತ.

ಮನೆಮದ್ದು ಸಾಲದಾಗ

ತಲೆಯಲ್ಲಿ ದುಂಡಗೆ ಕೂದಲು ಹೋಗಿ, ಅಲ್ಲಿ ಹೊಟ್ಟು ಅಥವಾ ಕಪ್ಪು ಚುಕ್ಕೆ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು, ಮಕ್ಕಳಲ್ಲಿ ಹೆಚ್ಚು. ಎಣ್ಣೆ, ಲೋಳೆಗೆ ಅದು ಬಗ್ಗುವುದಿಲ್ಲ. ವೈದ್ಯರು ಬರೆದುಕೊಟ್ಟ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧವೇ ಬೇಕು. ಅಲ್ಲಿಯವರೆಗೆ ಬಾಚಣಿಗೆ, ಟೋಪಿ, ಸ್ಕಾರ್ಫ್ ಹಂಚಿಕೊಳ್ಳಬೇಡಿ. ಕೀವು, ಜ್ವರ, ಕತ್ತಿನಲ್ಲಿ ಗಡ್ಡೆ ಇದ್ದರೆ ಅದೇ ದಿನ ತೋರಿಸಿ.

ನಮ್ಮ ಮಗುವಿಗೆ ಅಂಥದ್ದೇನೂ ಇರಲಿಲ್ಲ. ಮೊದಲ ಗುರುವಾರ ಸಿಕ್ಕು ಬಿಡಿಸಲು ಸುಮಾರು ಎರಡು ಗಂಟೆ ಹಿಡಿಯಿತು, ನಡುವೆ ಊಟಕ್ಕೆ ಬಿಟ್ಟರಂತೆ. ಕತ್ತಿನ ಹಿಂದಿನ ಒಂದು ಗಂಟು ಬಿಡಲೇ ಇಲ್ಲ, ಅಷ್ಟನ್ನು ಕತ್ತರಿಸಬೇಕಾಯಿತು. ಶಾಲೆಗೆ ನಾನೊಂದು ಚೀಟಿ ಬರೆದುಕೊಟ್ಟೆ. ಬಿಗಿ ಜಡೆಯ ಬದಲು ಎರಡು ಸಡಿಲ ಹುರಿ, ತುದಿಗೆ ರಿಬ್ಬನ್, ಇದಕ್ಕೆ ಅವರು ಒಪ್ಪಿದರು. ಒಂದೂವರೆ ತಿಂಗಳಿಗೆ ಗುರುವಾರದ ಕೆಲಸ ನಲವತ್ತು ನಿಮಿಷಕ್ಕೆ ಇಳಿಯಿತು. ಕಾಗದದ ಮೇಲೆ ತುಂಡುಗಳು ಕಡಿಮೆಯಾಗಿ, ಗಂಟಿರುವ ಉದ್ದದ ಎಳೆಗಳೇ ಹೆಚ್ಚು ಕಂಡವು.

ಮೊನ್ನೆ ತಾಯಿ ತಮ್ಮ ಮೊಣಕಾಲು ನೋವಿಗೆ ಬಂದಿದ್ದರು. ಮಗಳೂ ಜೊತೆಯಲ್ಲಿದ್ದಳು. ನಾನು ಕೇಳುವ ಮೊದಲೇ ಸ್ಕಾರ್ಫ್ ಸರಿಸಿ ತನ್ನ ಎರಡು ಹುರಿಗಳನ್ನು ತೋರಿಸಿದಳು. ಒಂದನ್ನು ಅವಳೇ ಹೊಸೆದಿದ್ದಳಂತೆ.