ಮೀಟಿಂಗ್‌ನಲ್ಲಿ ಆಡಿದ ಮಾತು, ಕಾಗದದ ಮೇಲೆ ಬರೆಯುವ ಬಗೆ

ಕಾರ್ಖಾನೆಗಳಲ್ಲಿ ಬೆಳಗಿನ ಪ್ರೊಡಕ್ಷನ್ ಮೀಟಿಂಗ್ ಹೆಚ್ಚೆಂದರೆ ಇಪ್ಪತ್ತು ನಿಮಿಷದ್ದು. ನಿನ್ನೆ ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್ ಆಯಿತು, ಇವತ್ತು ಯಾವ ಲಾರಿ ಹೊರಡಬೇಕು, ಇಷ್ಟೇ ಮಾತು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಿಸುವ ಒಂದು ಘಟಕದಲ್ಲಿ ಅಂಥದೊಂದು ಮೀಟಿಂಗ್ ನಡೆಯುತ್ತಿದೆ ಎಂದುಕೊಳ್ಳೋಣ. ಉದಾಹರಣೆಗಾಗಿ ಕಟ್ಟಿಕೊಂಡದ್ದಾದರೂ ಇಂಥದ್ದನ್ನು ಕಾಣದ ಮ್ಯಾನೇಜರ್ ಅಪರೂಪ.

ಕ್ವಾಲಿಟಿ ವಿಭಾಗದ ಕಿರಿಯ ಎಂಜಿನಿಯರ್ ಎದ್ದು ನಿಂತು, ನಲವತ್ತು ಬೇರಿಂಗ್ ಹೌಸಿಂಗ್‌ಗಳನ್ನು ತಡೆಹಿಡಿದಿದ್ದೇನೆ, ಬೋರ್ ಅಳತೆ ಮಿತಿಗಿಂತ 0.02 ಮಿ.ಮೀ. ಹೆಚ್ಚಿದೆ ಎಂದು ಹೇಳತೊಡಗುತ್ತಾರೆ. ಆ ಲಾಟ್ ಅದೇ ದಿನ ಹೊರಡಬೇಕಿತ್ತು. ಪ್ರೊಡಕ್ಷನ್ ಇನ್‌ಚಾರ್ಜ್ ಮೂರು ಸಲ ಅವರ ಮಾತನ್ನು ಅರ್ಧಕ್ಕೇ ತಡೆಯುತ್ತಾರೆ. ಮೂರನೆಯ ಸಲ, "ನಿನಗೇನು ಗೊತ್ತು? ಒಂದು ದಿನವಾದರೂ ಲೈನಲ್ಲಿ ನಿಂತು ನೋಡಿದ್ದೀಯಾ?" ಎಂದು ಗದರಿ, ಕೈಯಲ್ಲಿದ್ದ ಇನ್‌ಸ್ಪೆಕ್ಷನ್ ರಿಪೋರ್ಟನ್ನು ಮೇಜಿನ ಮೇಲೆ ಎಸೆಯುತ್ತಾರೆ. ಆಕೆ ಕೂತುಬಿಡುತ್ತಾರೆ. ಹೇಳಬೇಕಿದ್ದ ಇನ್ನೆರಡು ವಿಷಯಗಳು ಅಲ್ಲಿಗೇ ನಿಲ್ಲುತ್ತವೆ.

ಇದನ್ನು ಪ್ಲಾಂಟ್ ಮ್ಯಾನೇಜರ್ ಬಿಟ್ಟುಬಿಡುವಂತಿಲ್ಲ. ಹಾಗೆಂದು ಮೆಮೊ ಕೊಡುವಷ್ಟು ದೊಡ್ಡ ಪ್ರಕರಣವೂ ಅಲ್ಲ. ಇನ್‌ಚಾರ್ಜ್ ಒಳ್ಳೆಯ ಕೆಲಸಗಾರ, ಹಿಂದೆ ಇಂಥದ್ದು ದಾಖಲಾಗಿಲ್ಲ. ಈ ನಡುವಿನ ಜಾಗಕ್ಕೆಂದೇ ಎಚ್‌ಆರ್ ವಿಭಾಗಗಳು ಇಟ್ಟುಕೊಂಡಿರುವ ಸಾಧನ ಕೋಚಿಂಗ್ ನೋಟ್. ಸಿಬ್ಬಂದಿಯನ್ನು ಕೂರಿಸಿಕೊಂಡು ಮಾತಾಡಿದ್ದರ ಒಂದು ಪುಟದ ದಾಖಲೆ ಅದು. ನಡೆದದ್ದೇನು, ಅದರಿಂದ ಆದದ್ದೇನು, ಮುಂದೆ ಏನು ಬದಲಾಗಬೇಕು ಎಂಬುದಷ್ಟೇ ಅದರಲ್ಲಿರುತ್ತದೆ.

ಕೋಪದ ಬಿಸಿಯಲ್ಲಿ ಮ್ಯಾನೇಜರ್ ಬರೆಯುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: "ಇವರಿಗೆ ಅಹಂಕಾರ ಜಾಸ್ತಿ. ಹೆಣ್ಣುಮಕ್ಕಳೆಂದರೆ ಅಸಡ್ಡೆ. ಯಾವಾಗಲೂ ಹೀಗೆಯೇ. ಇವತ್ತಿನ ಮೀಟಿಂಗ್‌ನಲ್ಲಿ ಸಹೋದ್ಯೋಗಿಯ ಮರ್ಯಾದೆ ತೆಗೆದರು. ಸ್ವಭಾವ ತಿದ್ದಿಕೊಳ್ಳಬೇಕು."

ಐದು ವಾಕ್ಯಗಳಿವೆ. ಆ ದಿನ ನಡೆದದ್ದರ ಬಗ್ಗೆ ಇರುವುದು ಒಂದೇ, ಅದೂ ಮಸುಕಾಗಿ. ಉಳಿದವೆಲ್ಲ ಮನುಷ್ಯನ ಒಳಗು ಹೇಗಿದೆ ಎಂಬ ಊಹೆ.

ಹೀಗೆ ಊಹಿಸುವುದು ಬರೀ ಕೋಪಿಷ್ಠ ಮ್ಯಾನೇಜರ್‌ಗಳ ದೌರ್ಬಲ್ಯವಲ್ಲ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ವಿದ್ಯಾರ್ಥಿಗಳಿಗೆ ಫಿಡೆಲ್ ಕ್ಯಾಸ್ಟ್ರೊ ಪರ ಮತ್ತು ವಿರೋಧದ ಪ್ರಬಂಧಗಳನ್ನು ಓದಲು ಕೊಟ್ಟರು. ಯಾವ ಪಕ್ಷ ಹಿಡಿದು ಬರೆಯಬೇಕೆಂಬುದನ್ನು ಬರೆದವರಿಗೆ ಮೇಲಿನಿಂದಲೇ ಹೇಳಲಾಗಿತ್ತು ಎಂದು ತಿಳಿಸಿದ ಮೇಲೂ, ಪರ ಬರೆದವನು ಒಳಗೊಳಗೆ ಕ್ಯಾಸ್ಟ್ರೊ ಕಡೆಯವನೇ ಇರಬೇಕು ಎಂಬತ್ತ ಓದುಗರು ವಾಲಿದರು. ಪರಿಸ್ಥಿತಿಯನ್ನು ಮರೆತು ಗುಣವನ್ನು ಹುಡುಕುವ ಈ ಚಾಳಿಗೆ 1977ರಲ್ಲಿ ಲೀ ರಾಸ್ 'ಆರೋಪಣೆಯ ಮೂಲಭೂತ ದೋಷ' ಎಂಬರ್ಥದ ಹೆಸರು ಕೊಟ್ಟರು. ಮೀಟಿಂಗ್‌ನಲ್ಲಿ ಗದರಿದವನನ್ನು ಕಂಡಾಗ 'ಅಹಂಕಾರಿ' ಎಂಬ ಪದ ತಟ್ಟನೆ ಬಾಯಿಗೆ ಬರುವುದು ಇದೇ ಚಾಳಿಯಿಂದ.

ಇಂಥ ಮಾತು ತಿರುಗುಬಾಣವಾಗುವುದೂ ಉಂಟು. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಫೀಡ್‌ಬ್ಯಾಕ್ ಕುರಿತ ಹಲವಾರು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭವೇ ಆಗಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು 'ನಾನು ಎಂಥವನು' ಎಂಬತ್ತ ಹೋದಷ್ಟೂ ಫೀಡ್‌ಬ್ಯಾಕ್‌ನ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. 'ಅಹಂಕಾರಿ' ಎಂದು ಓದಿದ ಇನ್‌ಚಾರ್ಜ್ ತಾನು ಅಹಂಕಾರಿಯಲ್ಲ ಎಂದು ಸಾಧಿಸಲು ಹೊರಡುತ್ತಾರೆ. ಮೂರು ಸಲ ಮಾತು ತಡೆದದ್ದು ಚರ್ಚೆಗೇ ಬರುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ತರಬೇತಿ ಸಂಸ್ಥೆ ಬಳಕೆಗೆ ತಂದ ಒಂದು ಸರಳ ಚೌಕಟ್ಟಿದೆ: ಸಂದರ್ಭ, ವರ್ತನೆ, ಪರಿಣಾಮ. ಈಗ ಬೇರೆ ಬೇರೆ ದೇಶಗಳ ಎಚ್‌ಆರ್ ತರಬೇತಿಗಳಲ್ಲಿ ಇದನ್ನು ಹೇಳಿಕೊಡುತ್ತಾರೆ. ವರ್ತನೆ ಎಂದರೆ ಆ ಕೋಣೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಅದರಲ್ಲಿ ದಾಖಲಾಗುತ್ತಿದ್ದದ್ದು ಮಾತ್ರ. ಅಸಡ್ಡೆ ಕ್ಯಾಮೆರಾಗೆ ಕಾಣದು, ಎಸೆದ ಕಾಗದ ಕಾಣುತ್ತದೆ. ಈ ಅಳತೆ ಹಿಡಿದು ಮತ್ತೆ ಬರೆದರೆ ನೋಟ್ ಹೀಗಾಗುತ್ತದೆ:

"ಮಂಗಳವಾರ ಬೆಳಿಗ್ಗೆ 9.30ರ ಪ್ರೊಡಕ್ಷನ್ ಮೀಟಿಂಗ್. ನಾನು ಸೇರಿ ಎಂಟು ಜನ ಇದ್ದೆವು. ಕ್ವಾಲಿಟಿ ಎಂಜಿನಿಯರ್ ತಡೆಹಿಡಿದ ಲಾಟ್ ಬಗ್ಗೆ ವರದಿ ಕೊಡುವಾಗ ನೀವು ಮೂರು ಸಲ ಮಾತು ಮುಗಿಯುವ ಮೊದಲೇ ತಡೆದಿರಿ. ಮೂರನೆಯ ಸಲ ದನಿ ಎತ್ತರಿಸಿ, 'ನಿನಗೇನು ಗೊತ್ತು? ಒಂದು ದಿನವಾದರೂ ಲೈನಲ್ಲಿ ನಿಂತು ನೋಡಿದ್ದೀಯಾ?' ಎಂದಿರಿ. ರಿಪೋರ್ಟನ್ನು ಮೇಜಿನ ಮೇಲೆ ಎಸೆದಿರಿ. ಅವರು ಆಮೇಲೆ ಮಾತಾಡಲಿಲ್ಲ. ಪಟ್ಟಿಯಲ್ಲಿದ್ದ ಅವರ ಇನ್ನೆರಡು ವಿಷಯಗಳು ಚರ್ಚೆಯಾಗಲಿಲ್ಲ. ಲಾಟ್ ಬಗ್ಗೆ ತೀರ್ಮಾನಿಸಲು ಮಧ್ಯಾಹ್ನ ಎರಡು ಗಂಟೆಗೆ ಮತ್ತೊಂದು ಮೀಟಿಂಗ್ ಕರೆಯಬೇಕಾಯಿತು."

ಇದರಲ್ಲಿ ಬೈಗುಳವಿಲ್ಲ. ಆದರೂ ಮೊದಲ ಕರಡಿಗಿಂತ ಇದಕ್ಕೇ ತೂಕ ಹೆಚ್ಚು, ಏಕೆಂದರೆ ಒಂದೊಂದು ವಾಕ್ಯವನ್ನೂ ಕೋಣೆಯಲ್ಲಿದ್ದ ಇತರರಿಂದ ಖಚಿತಪಡಿಸಿಕೊಳ್ಳಬಹುದು. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆದಿರುವುದನ್ನೂ ಗಮನಿಸಬೇಕು. ಕಂಪನಿಯ ಫಾರ್ಮ್ ಇಂಗ್ಲಿಷಿನಲ್ಲಿದೆಯೆಂದು ಇದನ್ನು ಇಂಗ್ಲಿಷಿಗೆ ತಿರುಗಿಸಿದರೆ ಏಕವಚನ ಮಾಯವಾಗುತ್ತದೆ. ಎಂಟು ಜನರ ಎದುರು 'ನೀವು' ಎನ್ನಬೇಕಾದಲ್ಲಿ 'ನೀನು' ಎಂದದ್ದೇ ಇಲ್ಲಿನ ಅವಮಾನದ ಮುಖ್ಯ ಭಾಗ. ಉಳಿದದ್ದು ಯಾವ ಭಾಷೆಯಲ್ಲಾದರೂ ಇರಲಿ, ಆ ಎರಡು ವಾಕ್ಯ ಕನ್ನಡದಲ್ಲೇ ಇರಬೇಕು.

'ಯಾವಾಗಲೂ' ಎಂಬ ಪದ ಹೋಗಿದೆ. ಒಂದು ಘಟನೆಯ ನೋಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಬರೆದರೆ ಸಾಕು, ಇನ್‌ಚಾರ್ಜ್ "ಇನ್ಯಾವಾಗ ಹಾಗೆ ಮಾಡಿದೆ, ತೋರಿಸಿ" ಎನ್ನುತ್ತಾರೆ, ಮ್ಯಾನೇಜರ್ ಹಳೆಯ ನೆನಪು ಕೆದಕುತ್ತಾರೆ, ಮಂಗಳವಾರದ ಮಾತು ಅಲ್ಲೇ ತಪ್ಪಿಹೋಗುತ್ತದೆ. 'ಹೆಣ್ಣುಮಕ್ಕಳೆಂದರೆ ಅಸಡ್ಡೆ' ಎಂಬುದೂ ಹೋಗಿದೆ, ಆದರೆ ಅದರ ಕಾರಣ ಬೇರೆ. ಆಡಿದ ಮಾತಿನಲ್ಲಿ ಅದಕ್ಕೆ ಆಧಾರವಿಲ್ಲ. ಆಧಾರ ಇದ್ದಿದ್ದರೆ ಇದು ಕೋಚಿಂಗ್ ನೋಟ್‌ಗೆ ಸಲ್ಲುವ ವಿಷಯವೇ ಆಗಿರುತ್ತಿರಲಿಲ್ಲ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇದೆ. ಜಾತಿ ಹಿಡಿದು ನಿಂದಿಸಿದ್ದರೆ ಅದಕ್ಕೆ ಕಾನೂನಿನ ದಾರಿಯೇ ಬೇರೆ. ಅಂಥದ್ದನ್ನು ಕೋಚಿಂಗ್ ಎಂಬ ಮೃದುವಾದ ಹೆಸರಿನಡಿ ಮುಚ್ಚಿಹಾಕಿದರೆ ಮ್ಯಾನೇಜರೇ ಸಿಕ್ಕಿಬೀಳುತ್ತಾರೆ.

ನೋಟ್‌ನ ಈ ಭಾಗವನ್ನು ಆ ದಿನವೇ ಬರೆದಿಡುವುದು ಒಳ್ಳೆಯದು. ಮೂರು ಸಲವೋ ನಾಲ್ಕು ಸಲವೋ ಎಂಬುದು ವಾರ ಕಳೆದರೆ ನೆನಪಿನಲ್ಲಿ ಉಳಿಯದು. ಮಾತುಕತೆ ಮಾತ್ರ ಇಬ್ಬರ ಬಿಸಿಯೂ ಆರಿದ ಮೇಲೆ, ಮರುದಿನವೋ ಅದರ ಮರುದಿನವೋ, ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ಮ್ಯಾನೇಜರ್ ಬರೆದದ್ದನ್ನು ಓದಿ ಹೇಳಿ, "ಇದರಲ್ಲಿ ತಪ್ಪಿದ್ದರೆ ಹೇಳಿ" ಎಂದು ಕೇಳುತ್ತಾರೆ.

ಇನ್‌ಚಾರ್ಜ್ ಹೇಳುವುದು ಹೀಗಿದೆ ಎಂದುಕೊಳ್ಳೋಣ: "ಆಡಿದ್ದು ನಿಜ ಸಾರ್. ಆದರೆ ಲಾಟ್ ನಿಲ್ಲಿಸಿದ್ದು ನನಗೆ ಗೊತ್ತಾದದ್ದೇ ಮೀಟಿಂಗ್‌ನಲ್ಲಿ. ಎಂಟೂವರೆಯಿಂದ ಕಸ್ಟಮರ್ ಗಾಡಿ ಗೇಟಲ್ಲಿ ನಿಂತಿತ್ತು." ಇದನ್ನು ಅವರದೇ ಮಾತಿನಲ್ಲಿ ನೋಟ್‌ಗೆ ಸೇರಿಸಬೇಕು. ಇಲ್ಲಿ ಮ್ಯಾನೇಜರ್‌ಗೆ ಹೊಸದೊಂದು ಸಂಗತಿ ಸಿಗುತ್ತದೆ: ಲಾಟ್ ತಡೆದಾಗ ಕೂಡಲೇ ಪ್ರೊಡಕ್ಷನ್‌ಗೆ ಫೋನ್ ಮಾಡುವ ಪದ್ಧತಿಯೇ ಆ ಘಟಕದಲ್ಲಿಲ್ಲ. ಅದನ್ನು ಸರಿಪಡಿಸುವುದು ಮ್ಯಾನೇಜರ್ ಕೆಲಸ, ನೋಟ್‌ನಲ್ಲಿ ಅದು ಅವರ ಹೆಸರಿನ ಮುಂದೆಯೇ ಬರಬೇಕು. ಆದರೆ ಎರಡನ್ನೂ ಬೆರೆಸಿ ಚೌಕಾಸಿ ಮಾಡುವಂತಿಲ್ಲ. ಫೋನ್ ಬಾರದ್ದು ಸಿಟ್ಟಿಗೆ ಕಾರಣವಾದೀತು. ಕಾಗದ ಎಸೆದದ್ದಕ್ಕೆ ಸಮರ್ಥನೆಯಾಗದು.

ಮುಂದಿನ ನಡೆ ಬರೆಯುವಾಗಲೂ ಕ್ಯಾಮೆರಾದ ಅಳತೆಯೇ ಅನ್ವಯಿಸುತ್ತದೆ. 'ಗೌರವದಿಂದ ನಡೆದುಕೊಳ್ಳಬೇಕು' ಎಂದರೆ ನಡೆದುಕೊಂಡರೋ ಇಲ್ಲವೋ ಎಂದು ಹೇಳುವವರು ಯಾರು? 'ವರದಿ ಮುಗಿಯುವವರೆಗೆ ಮಾತು ತಡೆಯಬಾರದು. ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸಬೇಕು. ಅಳತೆ ಒಪ್ಪಿಗೆಯಾಗದಿದ್ದರೆ ಮರು ಅಳತೆ ಕೇಳಬೇಕು' ಎಂದು ಬರೆದರೆ ಕಣ್ಣಿಗೆ ಕಾಣುತ್ತದೆ. ಆಕ್ಷೇಪ ಎತ್ತುವ ಹಕ್ಕು ಇನ್‌ಚಾರ್ಜ್‌ಗೆ ಹಾಗೆಯೇ ಉಳಿದಿದೆ ಎಂಬುದೂ ಸ್ಪಷ್ಟವಾಗುತ್ತದೆ. ಇಲ್ಲದಿದ್ದರೆ ಅವರು ಮುಂದಿನ ಮೀಟಿಂಗ್‌ಗಳಲ್ಲಿ ಬಾಯಿ ಹೊಲಿದುಕೊಂಡು ಕೂರುತ್ತಾರೆ, ಅದರಿಂದ ಘಟಕಕ್ಕೇ ನಷ್ಟ. ಕ್ಷಮೆ ಕೇಳುವ ವಿಷಯ ಬಂದರೆ ಮೊದಲು ಆ ಎಂಜಿನಿಯರ್ ಅವರನ್ನೇ ಕೇಳುವುದು ಸರಿ. ಎಲ್ಲರೆದುರು ಒತ್ತಾಯದಿಂದ ಹೇಳಿಸುವ 'ಸಾರಿ' ಕೆಲವೊಮ್ಮೆ ಕೇಳಿಸಿಕೊಂಡವರಿಗೇ ಎರಡನೆಯ ಮುಜುಗರವಾಗುತ್ತದೆ.

ಕೊನೆಗೆ ಸಹಿ. 'ನೋಡಿದ್ದೇನೆ' ಎಂಬುದಕ್ಕೆ ಸಹಿಯೇ ಹೊರತು 'ಒಪ್ಪಿದ್ದೇನೆ' ಎಂಬುದಕ್ಕಲ್ಲ ಎಂದು ಅಲ್ಲೇ ಮುದ್ರಿಸಿರುವುದು ವಾಡಿಕೆ. ಒಂದು ಪ್ರತಿ ಸಿಬ್ಬಂದಿಗೂ ಸಿಗಬೇಕು. ಇದು ಬರೀ ಸೌಜನ್ಯದ ಮಾತಲ್ಲ. 1960ರ ದಶಕದಲ್ಲಿ ಮೈಸೂರು ರಾಜ್ಯ ಸರ್ಕಾರ ಮತ್ತು ಕೆ. ಮಂಚೇಗೌಡ ಅವರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರನಿಗೆ ಅವನ ಹಿಂದಿನ ದಾಖಲೆಯ ಆಧಾರದ ಮೇಲೆ ಹೆಚ್ಚಿನ ಶಿಕ್ಷೆ ಕೊಡುವುದಾದರೆ ಅದನ್ನು ನೋಟಿಸಿನಲ್ಲೇ ತಿಳಿಸಿ ಉತ್ತರಿಸಲು ಅವಕಾಶ ಕೊಡಬೇಕು ಎಂದಿತು. ಖಾಸಗಿ ಘಟಕದ ಕೋಚಿಂಗ್ ನೋಟ್ ಶಿಕ್ಷೆಯೂ ಅಲ್ಲ, ನೋಟಿಸೂ ಅಲ್ಲ. ಆದರೂ ಸಿಬ್ಬಂದಿಗೆ ತೋರಿಸದೆ ಡ್ರಾಯರ್‌ನಲ್ಲಿಟ್ಟ ಕಾಗದವನ್ನು ವರ್ಷದ ನಂತರ ಹೊರತೆಗೆದು ಅವನ ವಿರುದ್ಧ ಬೀಸುವುದು ನ್ಯಾಯವೆನಿಸದು ಎಂಬ ತಿಳಿವಳಿಕೆಯ ಬೇರು ಅಲ್ಲಿದೆ.

ನೋಟ್‌ನ ಕೊನೆಯ ಸಾಲು ಮರುಪರಿಶೀಲನೆಯ ದಿನಾಂಕ. ಎರಡು ವಾರ ಸಾಕು. ದಿನವೂ ಮೀಟಿಂಗ್ ಇರುವುದರಿಂದ ನೋಡಲು ಬೇಕಾದಷ್ಟು ಸಿಗುತ್ತದೆ. ಆ ದಿನ ಮ್ಯಾನೇಜರ್ ಅದೇ ಕಾಗದದ ಕೆಳಗೆ ತಾವು ಕಂಡದ್ದನ್ನು ಬರೆಯುತ್ತಾರೆ: "ಮಾತು ತಡೆದದ್ದು ಕಾಣಲಿಲ್ಲ. ಶುಕ್ರವಾರ ಅಳತೆ ಬಗ್ಗೆ ಆಕ್ಷೇಪ ಎತ್ತಿದರು, ಮರು ಅಳತೆ ಕೇಳಿದರು." ಅಲ್ಲಿಗೆ ನೋಟ್ ಮುಗಿಯುತ್ತದೆ. ತಿಂಗಳ ನಂತರ ಮತ್ತೆ ಅಂಥದ್ದೇ ಘಟನೆ ನಡೆದರೆ ಬರೆಯಬೇಕಾದದ್ದು ಹೊಸ ನೋಟ್, ಹೊಸ ತಾರೀಖು, ಹೊಸ ಸಂದರ್ಭದೊಂದಿಗೆ. ಹಳೆಯದನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಉಲ್ಲೇಖಿಸಬಹುದು. ಆಗಲೂ ಬದಲಾಗದಿದ್ದರೆ ಪ್ರಕರಣ ಕೋಚಿಂಗ್ ದಾಟಿ ಎಚ್ಚರಿಕೆ ಪತ್ರ, ಸ್ಥಾಯಿ ಆದೇಶಗಳ ಹಾದಿ ಹಿಡಿಯುತ್ತದೆ.