ಬೆರಳು ತೆಗೆದರೂ ತಿರುಗುವ ಮೋಟಾರು

ಹಿಟ್ಟಿನ ಗಿರಣಿಯಲ್ಲಿ ಹಸಿರು ಬಟನ್ ಒತ್ತಿ ಕೈ ತೆಗೆಯುತ್ತಾರೆ. ಬಟನ್ ಒಳಗಿನ ಸ್ಪ್ರಿಂಗ್ ಅದನ್ನು ಆಚೆ ತಳ್ಳುತ್ತದೆ, ಸಂಪರ್ಕ ಕಡಿಯುತ್ತದೆ. ಆದರೂ ಮೋಟಾರು ತಿರುಗುತ್ತಲೇ ಇರುತ್ತದೆ. ಹೇಗೆ ಎಂಬುದನ್ನು ಎಲೆಕ್ಟ್ರಿಷಿಯನ್‌ಗಳು ಹೀಗೆ ಬರೆದಿಟ್ಟುಕೊಳ್ಳುತ್ತಾರೆ:

```
|  OL     STOP      START        M   |
|--|/|----|/|---+---| |---+-----( )--|
|               |    M    |          |
|               +---| |---+          |
```

ಎರಡು ಕಂಬ, ನಡುವೆ ಮೆಟ್ಟಿಲು. ಏಣಿಯಂತೆ ಕಾಣುವುದರಿಂದಲೇ ಇದಕ್ಕೆ ಲ್ಯಾಡರ್ ಎಂಬ ಹೆಸರು. ಎಡಗಂಬದಿಂದ ಬಲಗಂಬಕ್ಕೆ ಕರೆಂಟಿಗೆ ದಾರಿ ಸಿಕ್ಕರೆ M ಎಂಬ ಕಾಯಿಲ್ ಎಳೆದುಕೊಳ್ಳುತ್ತದೆ. ಅದು ಕಾಂಟ್ಯಾಕ್ಟರ್‌ನ ಕಾಯಿಲ್; ಅದು ಎಳೆದರೆ ಮೋಟಾರಿಗೆ ಕರೆಂಟು. ಓರೆಗೆರೆ ಇರುವ ಗುರುತು ಮುಟ್ಟದಿದ್ದಾಗ ಕೂಡಿಕೊಂಡೇ ಇರುವ ಸಂಪರ್ಕ, ಗೆರೆ ಇಲ್ಲದ್ದು ಬಿಟ್ಟುಕೊಂಡಿರುವ ಸಂಪರ್ಕ. OL ಎಂಬುದು ಮೋಟಾರು ಮಿತಿಮೀರಿ ಕರೆಂಟು ಎಳೆದಾಗ ದಾರಿ ಕಡಿಯುವ ಓವರ್‌ಲೋಡ್ ರಿಲೇ.

ಗುಟ್ಟಿರುವುದು ಕೆಳಗಿನ ಸಣ್ಣ ಕವಲಿನಲ್ಲಿ. ಕಾಯಿಲ್ ಎಳೆದಾಗ ಕಾಂಟ್ಯಾಕ್ಟರ್‌ನ ಪಕ್ಕದ ಪುಟ್ಟ ಸಂಪರ್ಕವೂ ಕೂಡಿಕೊಳ್ಳುತ್ತದೆ. ಅದರ ತಿರುಪುಗಳ ಮೇಲೆ ಸಾಮಾನ್ಯವಾಗಿ 13 ಮತ್ತು 14 ಎಂದು ಅಚ್ಚಾಗಿರುತ್ತದೆ. ಹಸಿರು ಬಟನ್ ಬಿಟ್ಟ ಮೇಲೆ ಕರೆಂಟು ಈ ಬದಿದಾರಿ ಹಿಡಿದು ಕಾಯಿಲ್ ತಲುಪುತ್ತದೆ. ಅಂದರೆ ಕಾಯಿಲ್ ತನ್ನನ್ನು ತಾನೇ ಹಿಡಿದುಕೊಂಡಿದೆ. ಇದೇ ಸೀಲ್-ಇನ್, ಹೋಲ್ಡಿಂಗ್ ಕಾಂಟ್ಯಾಕ್ಟ್ ಎಂದೂ ಕರೆಯುತ್ತಾರೆ. ಕೆಂಪು ಬಟನ್ ಒಂದು ಕ್ಷಣ ಒತ್ತಿದರೂ ದಾರಿ ಕಡಿದು ಈ ಹಿಡಿತ ಬಿಟ್ಟುಹೋಗುತ್ತದೆ. ಕವಲು START ಅನ್ನು ಮಾತ್ರ ಬಳಸಿ ಹೋಗಬೇಕು. STOP ಅನ್ನೂ ದಾಟಿ ಹೋದರೆ ಕೆಂಪು ಬಟನ್ ಒತ್ತಿದರೂ ಮೋಟಾರು ನಿಲ್ಲದು.

ನಡುವೆ ಕರೆಂಟು ಹೋಯಿತೆನ್ನಿ. ಕಾಯಿಲ್ ಬಿಡುತ್ತದೆ, ಸೀಲ್-ಇನ್ ಕೂಡ ಬಿಡುತ್ತದೆ. ಅಷ್ಟರಲ್ಲಿ ಗಿರಣಿಯವರು ಬೆಲ್ಟಿಗೆ ಸಿಕ್ಕ ಚೀಲದ ದಾರ ಬಿಡಿಸಲು ಕೈ ಹಾಕಿರಬಹುದು. ಕರೆಂಟು ಮರಳಿದರೂ ಮೋಟಾರು ತಾನಾಗಿ ಹೊರಡುವುದಿಲ್ಲ. ಯಾರಾದರೂ ಮತ್ತೆ ಹಸಿರು ಬಟನ್ ಒತ್ತಲೇಬೇಕು. ಬರೀ ಸ್ವಿಚ್ ಹಾಕಿ ನಡೆಸುವ ಮೋಟಾರಿಗೆ ಈ ರಕ್ಷಣೆ ಇಲ್ಲ.

ಒತ್ತಿ ಹಿಡಿದಷ್ಟು ಹೊತ್ತು ಓಡಿ, ಬಿಟ್ಟೊಡನೆ ನಿಲ್ಲುವ ಮೋಟಾರು ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಆ 13-14ರ ಮೇಲೆ. ತಿರುಪು ಸಡಿಲವಾಗಿರುತ್ತದೆ, ಇಲ್ಲವೇ ಸಂಪರ್ಕದ ಮುಖಕ್ಕೆ ಧೂಳು ಕೂತಿರುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೆಯೇ ಮುಚ್ಚಳ ತೆಗೆಯಬೇಕು.

ಇದೇ ಏಣಿಯನ್ನು ಪಿಎಲ್‌ಸಿಯಲ್ಲಿ ಬರೆಯುವಾಗ ಹೊಸಬರು ಎಡವುವ ಜಾಗವೊಂದಿದೆ. ಹೊರಗಿನ ಕೆಂಪು ಬಟನ್ ಒತ್ತದಿದ್ದಾಗ ಕೂಡಿಕೊಂಡೇ ಇರುವುದರಿಂದ ಪಿಎಲ್‌ಸಿಗೆ ಸದಾ 1 ತಲುಪುತ್ತಿರುತ್ತದೆ. ಹಾಗಾಗಿ ಪ್ರೋಗ್ರಾಮಿನಲ್ಲಿ STOP ಅನ್ನು ಓರೆಗೆರೆ ಇಲ್ಲದೆ `| |` ಎಂದೇ ಬರೆಯಬೇಕು. `|/|` ಬರೆದರೆ ಮೋಟಾರು ಹೊರಡುವುದೇ ಇಲ್ಲ. ಆಗ ಕೆಲವರು ಪ್ರೋಗ್ರಾಮು ಹಾಗೇ ಬಿಟ್ಟು ಬಟನ್ನನ್ನೇ ಬದಲಿಸಿ, ಒತ್ತಿದಾಗ ಮಾತ್ರ ಕೂಡುವಂಥದ್ದನ್ನು ಹಾಕುತ್ತಾರೆ. ಮೋಟಾರು ಸರಿಯಾಗಿಯೇ ಓಡುತ್ತದೆ, ನಿಲ್ಲುತ್ತದೆ. ಆದರೆ ಆ ಬಟನ್ನಿನ ತಂತಿಯನ್ನು ಇಲಿ ಕಡಿದರೆ ಯಾರಿಗೂ ತಿಳಿಯದು. ಕೂಡಿಕೊಂಡಿರುವ ಬಟನ್ ಆಗಿದ್ದರೆ ತಂತಿ ತುಂಡಾದ ಕ್ಷಣವೇ 1 ಹೋಗಿ 0 ಆಗಿ, ಮೋಟಾರು ಅಲ್ಲೇ ನಿಲ್ಲುತ್ತಿತ್ತು.